ಪೈಪಿನಂಗಡಿಯ ಕೊಟೇಶನ್: ಒಂದು ಹಾಳೆಯ ಹಿಂದಿನ ಲೆಕ್ಕ

ಹಾವೇರಿ, ರಾಣೆಬೆನ್ನೂರು ಕಡೆಯ ಪೈಪು-ಪಂಪಿನ ಅಂಗಡಿಗಳಲ್ಲಿ ಬೋರ್‌ವೆಲ್ ಕೊರೆಸಿದ ರೈತ ಮೊದಲು ಕೇಳುವುದು ಸಾಮಾನನ್ನಲ್ಲ, ಕೊಟೇಶನ್ನನ್ನು. ಬ್ಯಾಂಕಿನವರು ಸಾಲದ ಕಡತಕ್ಕೆ ಅದನ್ನು ಕೇಳಿರುತ್ತಾರೆ. ಮನೆಯಲ್ಲಿ ಅಣ್ಣತಮ್ಮಂದಿರಿಗೆ ಖರ್ಚು ಎಷ್ಟೆಂದು ತೋರಿಸಬೇಕಿರುತ್ತದೆ. ಇನ್ನೊಂದು ಅಂಗಡಿಯ ದರದ ಜೊತೆ ಹೋಲಿಸಿಯೂ ನೋಡಬೇಕು. ಅಂಗಡಿಯವರು ಕೊಡುವ ಆ ಒಂದು ಹಾಳೆಯ ಕೆಳಗಿನ ಮೊತ್ತವನ್ನು ನಂಬಿ ರೈತ ಹಣ ಹೊಂದಿಸುತ್ತಾನೆ, ಅಂಗಡಿಯವರು ಅದೇ ಮೊತ್ತಕ್ಕೆ ಮಾಲು ಕೊಡಲು ಒಪ್ಪಿರುತ್ತಾರೆ. ಹಾಗಾಗಿ ಅಲ್ಲಿ ಒಂದು ಅಂಕಿ ತಪ್ಪಿದರೆ ಇಬ್ಬರಲ್ಲಿ ಒಬ್ಬರಿಗೆ ನಷ್ಟವಾಗಿಯೇ ಆಗುತ್ತದೆ.

ಕ್ಯಾಲ್ಕುಲೇಟರ್ ಹಿಡಿದು ಲೆಟರ್‌ಹೆಡ್ ಮೇಲೆ ಬರೆಯುತ್ತಿದ್ದ ಕೊಟೇಶನ್ ಈಗ ಬಹುಪಾಲು ಅಂಗಡಿಗಳಲ್ಲಿ ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ಗೆ ಬಂದಿದೆ. ಆದರೆ ಅನೇಕ ಕಡೆ ನಡೆಯುವುದು ಇಷ್ಟೇ: ಹೋದ ವಾರದ ಕೊಟೇಶನ್ ತೆರೆಯುವುದು, ಹೆಸರು ಬದಲಿಸುವುದು, ದರಗಳ ಮೇಲೆ ಹೊಸದನ್ನು ಟೈಪ್ ಮಾಡುವುದು, ಪ್ರಿಂಟ್ ಕೊಡುವುದು. ಹಳೆಯ ದರ ಒಂದು ಸಾಲಿನಲ್ಲಿ ಉಳಿದುಬಿಟ್ಟರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಇದಕ್ಕೆ ಪರಿಹಾರ ಒಂದು ಟೆಂಪ್ಲೇಟ್. ಸಾಮಾನಿನ ಕೋಡ್ ಮತ್ತು ಎಷ್ಟು ಬೇಕು ಎಂಬುದನ್ನು ಹಾಕಿದರೆ ದರ, ಡಿಸ್ಕೌಂಟ್, ಬಾಡಿಗೆ, ತೆರಿಗೆ, ವಾಯಿದೆಯ ದಿನಾಂಕ ಎಲ್ಲವೂ ದರಪಟ್ಟಿಯಿಂದ ತಾನೇ ಬಂದು ಕೂರುವ ಹಾಳೆ ಅದು. ಅರ್ಧ ದಿನದಲ್ಲಿ ಯಾರಾದರೂ ಕಟ್ಟಬಹುದು. ಅದು ಎಲ್ಲಿ ಎಡವುತ್ತದೆ ಎಂದು ತಿಳಿದಿರುವುದು ಮಾತ್ರ ಕಟ್ಟುವುದಕ್ಕಿಂತ ಮುಖ್ಯ.

ದರ ಒಂದೇ ಕಡೆ ಇರಲಿ

ಒಂದು ಫೈಲು, ಅದರಲ್ಲಿ ಮೂರು ಹಾಳೆ: ದರಪಟ್ಟಿಗೆ `PriceList`, ಬಾಡಿಗೆಗೆ `Freight`, ಗಿರಾಕಿಗೆ ಕೊಡುವುದಕ್ಕೆ `Quotation`. ದರಪಟ್ಟಿಯಲ್ಲಿ ಪ್ರತಿ ಸಾಮಾನಿಗೆ ಒಂದು ಸಾಲು. ಎಡದಿಂದ ಕ್ರಮವಾಗಿ ಕೋಡ್, ವಿವರ, ಅಳತೆ, ಲಿಸ್ಟ್ ದರ, ಕಂಪನಿಯ ಡಿಸ್ಕೌಂಟ್, ಜಿಎಸ್‌ಟಿ, ಒಂದರ ತೂಕ. ಯಾವುದೇ ದರ ಬದಲಾದರೆ ಇಲ್ಲಿ ಮಾತ್ರ ಬದಲಿಸಬೇಕು. ಕೊಟೇಶನ್ ಹಾಳೆಯಲ್ಲಿ ದರವನ್ನು ಕೈಯಿಂದ ಟೈಪ್ ಮಾಡುವಂತಿಲ್ಲ. ಇಡೀ ವ್ಯವಸ್ಥೆ ನಿಂತಿರುವುದು ಈ ಒಂದು ನಿಯಮದ ಮೇಲೆ.

ಕೋಡ್ ಸರಳವಾಗಿರಲಿ. ಪಿವಿಸಿ ಪೈಪನ್ನು ನಮ್ಮ ರೈತರು ಅಗಲ ಮತ್ತು ಒತ್ತಡದಿಂದ ಗುರುತಿಸುತ್ತಾರೆ. "75 ಎಂಎಂ, ಆರು ಕೆಜಿ ಪೈಪು" ಎಂದರೆ ಅದು ಪೈಪಿನ ತೂಕವಲ್ಲ, ಚದರ ಸೆಂಟಿಮೀಟರಿಗೆ 6 ಕೆಜಿ ಒತ್ತಡ ತಡೆಯುವ ಪೈಪು. ಅದಕ್ಕೆ P7506 ಎಂದು ಕೋಡ್ ಕೊಟ್ಟರೆ ಅಂಗಡಿಯ ಹುಡುಗನಿಗೂ ನೆನಪಿರುತ್ತದೆ. 75 ಎಂಎಂ ನಾಲ್ಕು ಕೆಜಿ ಪೈಪು P7504, 90 ಎಂಎಂ ಆರು ಕೆಜಿ P9006.

ಕೊಟೇಶನ್ ಹಾಳೆಯ 12ನೇ ಸಾಲಿನಿಂದ ಸಾಮಾನುಗಳು ಶುರುವಾಗುತ್ತವೆ ಎಂದುಕೊಳ್ಳೋಣ. B ಕಾಲಂನಲ್ಲಿ ಕೋಡ್, D ಕಾಲಂನಲ್ಲಿ ಸಂಖ್ಯೆ ಹಾಕುತ್ತೇವೆ. F ಕಾಲಂನಲ್ಲಿ ಲಿಸ್ಟ್ ದರ ಬರಬೇಕು. ಅದಕ್ಕೆ ಈ ಸೂತ್ರ:

```
=IF($B12="","",VLOOKUP($B12,PriceList!$A$2:$G$400,4,FALSE))
```

ಕೋಡ್ ಖಾಲಿ ಇದ್ದರೆ ಇದೂ ಖಾಲಿ ಇರುತ್ತದೆ. ಕೋಡ್ ಇದ್ದರೆ ದರಪಟ್ಟಿಯಲ್ಲಿ ಅದನ್ನು ಹುಡುಕಿ ನಾಲ್ಕನೇ ಕಾಲಂನಲ್ಲಿರುವುದನ್ನು ತರುತ್ತದೆ. ಆ 4ರ ಜಾಗದಲ್ಲಿ 2 ಹಾಕಿದರೆ ವಿವರ, 3 ಹಾಕಿದರೆ ಅಳತೆ, 5 ಹಾಕಿದರೆ ಡಿಸ್ಕೌಂಟ್ ಬರುತ್ತದೆ.

ಕೊನೆಯ `FALSE` ಬಹಳ ಮುಖ್ಯ. "ಕೋಡ್ ಪೂರ್ತಿ ಹೊಂದಿದರೆ ಮಾತ್ರ ದರ ತಾ" ಎಂದು ಅದು ಹೇಳುತ್ತದೆ. ಅದನ್ನು ಬರೆಯದೆ ಬಿಟ್ಟರೆ ಎಕ್ಸೆಲ್ ಹತ್ತಿರದ್ದನ್ನು ಹುಡುಕಿ ತರುತ್ತದೆ. ಎಂಟು ಕೆಜಿಯ P7508 ಪೈಪು ಅಂಗಡಿಗೆ ಹೊಸದಾಗಿ ಬಂದಿದೆ, ದರಪಟ್ಟಿಗೆ ಇನ್ನೂ ಸೇರಿಲ್ಲ ಎನ್ನಿ. `FALSE` ಇಲ್ಲದ ಹಾಳೆಯಲ್ಲಿ ಆ ಕೋಡ್ ಹಾಕಿದರೆ ಕ್ರಮದಲ್ಲಿ ಅದಕ್ಕಿಂತ ಹಿಂದಿರುವ P7506ರ ದರ ಬರುತ್ತದೆ. ದಪ್ಪ ಪೈಪಿಗೆ ತೆಳು ಪೈಪಿನ ದರ! ಹಾಳೆ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ, ಅಂಕಿಯೂ ನಂಬುವಂತೆಯೇ ಇರುತ್ತದೆ.

`FALSE` ಇದ್ದರೆ ಅದೇ ಜಾಗದಲ್ಲಿ `#N/A` ಎಂದು ಬರುತ್ತದೆ, ಕೆಳಗಿನ ಒಟ್ಟು ಮೊತ್ತವೂ `#N/A` ಆಗುತ್ತದೆ. ನೋಡಲು ಚೆನ್ನಾಗಿಲ್ಲವೆಂದು ಕೆಲವರು `IFERROR` ಹಾಕಿ ಅದನ್ನು ಸೊನ್ನೆ ಮಾಡುತ್ತಾರೆ. ಹಾಗೆ ಮಾಡಬಾರದು. ಸೊನ್ನೆ ಮಾಡಿದ ಕ್ಷಣ ದರಪಟ್ಟಿಯಲ್ಲಿಲ್ಲದ ಸಾಮಾನು ಪುಕ್ಕಟೆಯಾಗಿ ಕೊಟೇಶನ್ನಿಗೆ ಸೇರಿಹೋಗುತ್ತದೆ. `#N/A` ಕಂಡರೆ ಹಾಳೆ ಹೊರಗೆ ಹೋಗುವುದಿಲ್ಲ, ಯಾರಾದರೂ ನಿಂತು ನೋಡುತ್ತಾರೆ. ಕೋಡ್ ಸರಿಯಾಗಿದ್ದರೂ `#N/A` ಬಂದರೆ ಸಾಮಾನ್ಯವಾಗಿ ಕಾರಣ ಒಂದೇ: ದರಪಟ್ಟಿಯಲ್ಲೋ ಕೊಟೇಶನ್ನಿನಲ್ಲೋ ಕೋಡಿನ ಕೊನೆಗೆ ಕಾಣದ ಒಂದು ಖಾಲಿ ಜಾಗ ಅಂಟಿಕೊಂಡಿರುತ್ತದೆ. ಅದನ್ನು ಅಳಿಸಿದರೆ ಸರಿಹೋಗುತ್ತದೆ.

ಮೂವತ್ತು ಮತ್ತು ಐದು, ಮೂವತ್ತೈದಲ್ಲ

ಪೈಪಿನ ವ್ಯಾಪಾರದಲ್ಲಿ ಲಿಸ್ಟ್ ದರಕ್ಕೆ ಯಾರೂ ಮಾರುವುದಿಲ್ಲ. ಲಿಸ್ಟ್ ಮೇಲೆ ಇಷ್ಟು ಪರ್ಸೆಂಟ್ ಡಿಸ್ಕೌಂಟ್ ಎಂಬುದೇ ಮಾತಿನ ಆರಂಭ. ಕಂಪನಿಯವರು ಲಿಸ್ಟ್ ಮುಟ್ಟದೆ ಡಿಸ್ಕೌಂಟನ್ನೇ ಏರಿಸಿ ಇಳಿಸಿ ದರ ಬದಲಿಸುವುದೂ ಉಂಟು. ಅದರ ಮೇಲೆ ಗಿರಾಕಿ ಚೌಕಾಸಿ ಮಾಡಿದಾಗ ಅಂಗಡಿಯವರು ತಮ್ಮ ಕಡೆಯಿಂದ ಇನ್ನಷ್ಟು ಬಿಡುತ್ತಾರೆ. "ಲಿಸ್ಟ್ ಮ್ಯಾಲೆ ಮೂವತ್ತು ಪ್ಲಸ್ ಐದು ಕೊಡ್ತೀನ್ರಿ" ಎಂಬ ಮಾತು ಇಲ್ಲಿಂದ ಬಂದದ್ದು.

ಈ ಎರಡೂ ಬೇರೆ ಬೇರೆ ಕಾಲಂನಲ್ಲಿರಬೇಕು. G ಕಾಲಂನಲ್ಲಿ ಕಂಪನಿಯ ಡಿಸ್ಕೌಂಟ್. ಇದು ದರಪಟ್ಟಿಯಿಂದ ತಾನೇ ಬರುತ್ತದೆ. H ಕಾಲಂನಲ್ಲಿ ಅಂಗಡಿಯವರು ಕೈಯಿಂದ ಹಾಕುವ ಹೆಚ್ಚುವರಿ. ಚೌಕಾಸಿಯ ಫಲ ಬಂದು ಕೂರುವುದು ಈ ಒಂದೇ ಕಾಲಂನಲ್ಲಿ, ಅದಕ್ಕೆ ಹಳದಿ ಬಣ್ಣ ಹಚ್ಚಿಡಿ. ಆಗ ಯಾವ ಗಿರಾಕಿಗೆ ಎಷ್ಟು ಬಿಟ್ಟಿದ್ದೇವೆ ಎಂಬುದು ತಿಂಗಳ ನಂತರವೂ ತಿಳಿಯುತ್ತದೆ, ದರದ ಸೂತ್ರವನ್ನು ಅಳಿಸಿ ಅದರ ಮೇಲೆ ಅಂಕಿ ಬರೆಯುವ ಪ್ರಸಂಗವೂ ಬರುವುದಿಲ್ಲ. ಸಾಲಿನ ಮೊತ್ತ I ಕಾಲಂನಲ್ಲಿ:

```
=IF($B12="","",ROUND(D12*F12*(1-G12)*(1-H12),2))
```

980 ರೂಪಾಯಿ ಲಿಸ್ಟ್ ದರದ ಪೈಪನ್ನು ತೆಗೆದುಕೊಳ್ಳಿ. ಮೊದಲ 30 ಪರ್ಸೆಂಟ್ ಕಳೆದರೆ 686. ಎರಡನೆಯ 5 ಪರ್ಸೆಂಟ್ ಕಳೆಯಬೇಕಾದ್ದು 980ರ ಮೇಲಲ್ಲ, ಈ 686ರ ಮೇಲೆ. ಉಳಿಯುವುದು 651 ರೂಪಾಯಿ 70 ಪೈಸೆ. ನಿಜವಾದ ಡಿಸ್ಕೌಂಟ್ ಮೂವತ್ತೈದಲ್ಲ, ಮೂವತ್ತಮೂರೂವರೆ ಪರ್ಸೆಂಟ್. ಎರಡನ್ನೂ ಕೂಡಿಸಿ 35 ಎಂದು ಹಾಕಿದರೆ ದರ 637ಕ್ಕೆ ಇಳಿಯುತ್ತದೆ. ಒಂದು ಪೈಪಿಗೆ 14 ರೂಪಾಯಿ 70 ಪೈಸೆ, ನೂರು ಪೈಪಿಗೆ 1,470 ರೂಪಾಯಿ ಅಂಗಡಿಯವರ ಕೈಬಿಡುತ್ತದೆ. ಗಿರಾಕಿಯೂ ಇದನ್ನು ತಿಳಿದಿರಬೇಕು. ಒಂದು ಅಂಗಡಿಯಲ್ಲಿ "ಮೂವತ್ತು ಪ್ಲಸ್ ಐದು", ಇನ್ನೊಂದರಲ್ಲಿ "ನೇರ ಮೂವತ್ತನಾಲ್ಕು" ಎಂದರೆ ಎರಡನೆಯದೇ ಅಗ್ಗ.

H ಕಾಲಂನಲ್ಲಿ ಇನ್ನೊಂದು ಅಪಾಯವಿದೆ. ಅದನ್ನು ಪರ್ಸೆಂಟ್ ರೂಪಕ್ಕೆ ಇಡದಿದ್ದರೆ, 5 ಎಂದು ಹಾಕಿದ್ದು ಐದು ಪರ್ಸೆಂಟ್ ಆಗದೆ ಐನೂರು ಪರ್ಸೆಂಟ್ ಆಗುತ್ತದೆ. ಮೊತ್ತದ ಮುಂದೆ ಮೈನಸ್ ಗುರುತು ಕಂಡರೆ ಇದೇ ಕಾರಣ. ಆ ಕಾಲಂಗೆ `Data Validation`ನಲ್ಲಿ 0ಯಿಂದ 0.10ರವರೆಗೆ ಎಂಬ ಮಿತಿ ಹಾಕಿದರೆ ಹತ್ತು ಪರ್ಸೆಂಟಿಗಿಂತ ಹೆಚ್ಚಿನದನ್ನು ಹಾಳೆ ಒಪ್ಪುವುದೇ ಇಲ್ಲ. ಕೌಂಟರಿನ ಹುಡುಗ ಎಷ್ಟರವರೆಗೆ ಬಿಡಬಹುದು ಎಂಬ ಯಜಮಾನರ ತೀರ್ಮಾನವೂ ಇದರಿಂದ ಹಾಳೆಯೊಳಗೇ ಬಂದಂತಾಯಿತು.

ಸೂತ್ರದಲ್ಲಿರುವ `ROUND` ಪ್ರತಿ ಸಾಲನ್ನೂ ಪೈಸೆಗೆ ಸರಿಮಾಡುತ್ತದೆ. ಅದಿಲ್ಲದಿದ್ದರೆ ಕಾಣುವುದು ಎರಡು ದಶಮಾಂಶ, ಒಳಗೆ ಉಳಿಯುವುದು ನಾಲ್ಕೈದು. ಗಿರಾಕಿ ಕ್ಯಾಲ್ಕುಲೇಟರಿನಲ್ಲಿ ಕೂಡಿದಾಗ ಒಂದೆರಡು ಪೈಸೆ ವ್ಯತ್ಯಾಸ ಬಂದರೆ ಇಡೀ ಹಾಳೆಯ ಮೇಲೆಯೇ ಅನುಮಾನ ಹುಟ್ಟುತ್ತದೆ.

ಬಾಡಿಗೆಗೆ ಬೇರೆ ಲೆಕ್ಕ

"ಗಾಡಿ ಬಾಡಿಗಿ ಸೇರಿ ಎಷ್ಟಾಕ್ಕೈತ್ರಿ?" ಇದು ಪ್ರತಿ ರೈತನ ಪ್ರಶ್ನೆ. ಉತ್ತರ ಹೆಚ್ಚಿನ ಕಡೆ ಅಂದಾಜಿನದು. ಬಾಡಿಗೆಯನ್ನೂ ಪಟ್ಟಿಯಿಂದಲೇ ತರಬಹುದು. `Freight` ಹಾಳೆಯಲ್ಲಿ ಎಡಕ್ಕೆ ತೂಕ, ಬಲಕ್ಕೆ ಹತ್ತು, ಮೂವತ್ತು, ಅರವತ್ತು ಕಿಲೋಮೀಟರ್ ಒಳಗಿನ ಊರುಗಳ ಬಾಡಿಗೆ. ನಮ್ಮ ಉದಾಹರಣೆಯ ಅಂಗಡಿಯಲ್ಲಿ ಮೂವತ್ತು ಕಿಲೋಮೀಟರ್ ಒಳಗೆ ನೂರು ಕೆಜಿಯವರೆಗೆ 500 ರೂಪಾಯಿ, ನೂರರಿಂದ ಐನೂರಕ್ಕೆ 900, ಐನೂರರಿಂದ ಸಾವಿರಕ್ಕೆ 1,800, ಅದರ ಮೇಲೆ 2,800 ಎಂದಿಟ್ಟುಕೊಳ್ಳೋಣ. ಕೊಟೇಶನ್ನಿನ J ಕಾಲಂನಲ್ಲಿ ಪ್ರತಿ ಸಾಲಿನ ತೂಕ, ಅಂದರೆ ಒಂದರ ತೂಕಕ್ಕೆ ಸಂಖ್ಯೆಯ ಗುಣಾಕಾರ. ಗಿರಾಕಿಗೆ ಅದು ಬೇಡ, ಕಾಲಂ ಮರೆಮಾಡಿದರಾಯಿತು. ಒಟ್ಟು ತೂಕ J32ರಲ್ಲಿ ಬಂದ ಮೇಲೆ ಬಾಡಿಗೆಯ ಸೂತ್ರ:

```
=VLOOKUP(J32,Freight!$A$3:$D$6,D8,TRUE)
```

D8ರಲ್ಲಿ ದೂರದ ಕಾಲಂ ಸಂಖ್ಯೆ. ಹತ್ತು ಕಿಲೋಮೀಟರಿಗೆ 2, ಮೂವತ್ತಕ್ಕೆ 3, ಅರವತ್ತಕ್ಕೆ 4. ಇಲ್ಲಿ ಕೊನೆಗೆ `TRUE` ಇರುವುದನ್ನು ಗಮನಿಸಿ. ದರ ತರುವಾಗ ಹತ್ತಿರದ್ದು ಬೇಡವಾಗಿತ್ತು, ಬಾಡಿಗೆಗೆ ಅದೇ ಬೇಕು. 576 ಕೆಜಿ ಎಂಬ ಅಂಕಿ ಪಟ್ಟಿಯಲ್ಲಿ ಎಲ್ಲಿಯೂ ಇರುವುದಿಲ್ಲ, ಅದು ಯಾವ ಹಂತದೊಳಗೆ ಬರುತ್ತದೆ ಎಂಬುದಷ್ಟೇ ಪ್ರಶ್ನೆ.

`TRUE` ಇದ್ದಾಗ ಪಟ್ಟಿಯಲ್ಲಿ ಪ್ರತಿ ಹಂತದ ಕೆಳಗಿನ ಅಂಚನ್ನು ಬರೆಯಬೇಕು, ಮೇಲಿನದನ್ನಲ್ಲ. ಅಂದರೆ ತೂಕದ ಕಾಲಂನಲ್ಲಿ 0, 100, 500, 1000 ಎಂದು ಏರುವ ಕ್ರಮದಲ್ಲಿರಬೇಕು, ಅವುಗಳ ಎದುರು 500, 900, 1,800, 2,800. "ನೂರು ಕೆಜಿಯವರೆಗೆ ಐನೂರು" ಎಂದು ಬಾಯಲ್ಲಿ ಹೇಳುವ ಹಾಗೆಯೇ 100ರ ಎದುರು 500, 500ರ ಎದುರು 900, 1000ದ ಎದುರು 1,800 ಎಂದು ಬರೆದರೆ ಹಾಳೆ 576 ಕೆಜಿಗೆ 900 ರೂಪಾಯಿ ತೋರಿಸುತ್ತದೆ, ಬರಬೇಕಾದುದರ ಅರ್ಧ. ನೂರು ಕೆಜಿಗಿಂತ ಕಡಿಮೆ ಇದ್ದರೆ `#N/A` ಬರುತ್ತದೆ. ಪಟ್ಟಿ ತಲೆಕೆಳಗಾಗಿದೆ ಎಂಬುದಕ್ಕೆ ಅದೇ ಸುಳಿವು.

ತೂಕದ ಲೆಕ್ಕಕ್ಕೆ ಒಂದು ಮಿತಿಯೂ ಇದೆ. ಆರು ಮೀಟರಿನ ಪಿವಿಸಿ ಪೈಪು ಹಗುರ, ಆದರೆ ಇಪ್ಪತ್ತು ಅಡಿ ಉದ್ದ. ಇಪ್ಪತ್ತು ಪೈಪಿನ ತೂಕ ನೂರು ಕೆಜಿಯ ಸುತ್ತಮುತ್ತ ಬಂದರೂ ಸಣ್ಣ ನಾಲ್ಕು ಗಾಲಿಯ ಗಾಡಿಯಲ್ಲಿ ಹಿಂದೆ ಚಾಚಿಕೊಂಡು ನಿಲ್ಲುತ್ತದೆ, ದೊಡ್ಡ ಗಾಡಿಯೇ ಬೇಕಾಗುತ್ತದೆ. ಆದ್ದರಿಂದ D9ರಲ್ಲಿ ಕನಿಷ್ಠ ಬಾಡಿಗೆಯನ್ನು ಕೈಯಿಂದ ಬರೆಯುವ ಜಾಗ ಬಿಟ್ಟು, ಎರಡರಲ್ಲಿ ಹೆಚ್ಚಿನದನ್ನು ತೆಗೆದುಕೊಳ್ಳುವಂತೆ ಸೂತ್ರವನ್ನು `MAX` ಒಳಗೆ ಇಡಬೇಕು:

```
=MAX(D9,VLOOKUP(J32,Freight!$A$3:$D$6,D8,TRUE))
```

ಗಿರಾಕಿ ತನ್ನದೇ ಟ್ರ್ಯಾಕ್ಟರ್ ತಂದು ಒಯ್ದರೆ ಬಾಡಿಗೆಯ ಸಾಲು ಸೊನ್ನೆ. ಆಗ ಅದನ್ನು ಖಾಲಿ ಬಿಡದೆ "ಗಿರಾಕಿಯ ವಾಹನ" ಎಂದು ಬರೆಯುವುದು ಒಳ್ಳೆಯದು. ಹಮಾಲಿ ಬೇರೆ ಇದ್ದರೆ ಅದನ್ನೂ ಹಾಳೆಯಲ್ಲೇ ಹೇಳಬೇಕು. ಮಾಲು ಇಳಿಸುವಾಗ ಹೊಲದ ಬದುವಿನ ಮೇಲೆ ಹಮಾಲಿಯ ಜಗಳ ಬರಬಾರದು.

ಒಂದು ಕೊಟೇಶನ್ ಪೂರ್ತಿಯಾಗಿ

ಈಗ ಇಡೀ ಲೆಕ್ಕವನ್ನು ಒಮ್ಮೆ ನಡೆಸಿ ನೋಡೋಣ. ಬೋರ್‌ವೆಲ್‌ನಿಂದ ಹೊಲದ ಇನ್ನೊಂದು ತುದಿಗೆ 600 ಮೀಟರ್ ಪೈಪ್‌ಲೈನ್. ಆರು ಮೀಟರಿನ ನೂರು ಲೆಂತು ಬೇಕು. ಜೊತೆಗೆ ಎಲ್ಬೋ, ವಾಲ್ವು, ಪೈಪು ಅಂಟಿಸುವ ಸಲ್ಯೂಷನ್, ಪಂಪಿಗೆ ಮೂರು ಕೋರಿನ ಕೇಬಲ್. ಇಲ್ಲಿರುವ ದರಗಳು ಲೆಕ್ಕ ತೋರಿಸುವುದಕ್ಕಾಗಿ ಹಾಕಿದವು.

| ಸಾಮಾನು | ಸಂಖ್ಯೆ | ಲಿಸ್ಟ್ ದರ ₹ | ಡಿಸ್ಕೌಂಟ್ | ಮೊತ್ತ ₹ |
|---|---|---|---|---|
| ಪೈಪು 75 ಎಂಎಂ, 6 ಕೆಜಿ | 100 | 980 | 30% + 5% | 65,170.00 |
| ಎಲ್ಬೋ 75 ಎಂಎಂ | 12 | 110 | 30% + 5% | 877.80 |
| ಬಾಲ್ ವಾಲ್ವು 75 ಎಂಎಂ | 4 | 840 | 25% | 2,520.00 |
| ಸಲ್ಯೂಷನ್ 500 ಮಿಲಿ | 5 | 240 | 10% | 1,080.00 |
| ಕೇಬಲ್, ಮೀಟರ್ | 120 | 150 | 20% | 14,400.00 |
| ಸಾಮಾನಿನ ಒಟ್ಟು | | | | 84,047.80 |
| ಬಾಡಿಗೆ | | | | 1,800.00 |
| ತೆರಿಗೆಗೆ ಒಳಪಡುವ ಮೊತ್ತ | | | | 85,847.80 |
| ಸಿಜಿಎಸ್‌ಟಿ 9% | | | | 7,726.30 |
| ಎಸ್‌ಜಿಎಸ್‌ಟಿ 9% | | | | 7,726.30 |
| ರೌಂಡ್ ಆಫ್ | | | | −0.40 |
| ಕೊಡಬೇಕಾದ ಒಟ್ಟು | | | | 1,01,300.00 |

ಒಂದು ಪೈಪಿಗೆ ಐದೂವರೆ ಕೆಜಿ ಎಂದು ಹಿಡಿದರೆ ನೂರು ಪೈಪಿಗೆ 550 ಕೆಜಿ, ಉಳಿದ ಸಾಮಾನು ಸೇರಿ 576 ಕೆಜಿ ಹತ್ತಿರ. ಊರು ಮೂವತ್ತು ಕಿಲೋಮೀಟರ್ ಒಳಗಿದೆ. ಹಾಗಾಗಿ ಬಾಡಿಗೆ 1,800.

ಬಾಡಿಗೆಯ ಸಾಲು ತೆರಿಗೆಯ ಸಾಲಿಗಿಂತ ಮೇಲಿದೆ ಎಂಬುದನ್ನು ನೋಡಿ. ಇದು ಅಂಗಡಿಯವರ ಇಷ್ಟದ ಮಾತಲ್ಲ, ಕಾನೂನಿನ ಮಾತು. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 15ರ ಪ್ರಕಾರ ಮಾಲು ತಲುಪಿಸುವುದಕ್ಕಾಗಿ ಮಾರುವವರು ಗಿರಾಕಿಯಿಂದ ಪಡೆಯುವ ಇಂಥ ಖರ್ಚು ಮಾಲಿನ ಮೌಲ್ಯದಲ್ಲೇ ಸೇರುತ್ತದೆ. ಮಾರುವಾಗಲೇ ಕೊಟ್ಟು ಬಿಲ್ಲಿನಲ್ಲಿ ತೋರಿಸಿದ ಡಿಸ್ಕೌಂಟ್ ಮಾತ್ರ ಮೌಲ್ಯದಿಂದ ಹೊರಗುಳಿಯುತ್ತದೆ. ಆದ್ದರಿಂದ ಕ್ರಮ ಹೀಗೆ: ಮೊದಲು ಡಿಸ್ಕೌಂಟ್ ಕಳೆಯಬೇಕು, ಆಮೇಲೆ ಬಾಡಿಗೆ ಕೂಡಿಸಬೇಕು, ಕೊನೆಗೆ ತೆರಿಗೆ ಹಾಕಬೇಕು. ತೆರಿಗೆ ಹಾಕಿದ ಮೇಲೆ ಬಾಡಿಗೆ ಕೂಡಿಸಿದ ಹಾಳೆ ಈ ಕೊಟೇಶನ್ನಿನಲ್ಲಿ 324 ರೂಪಾಯಿ ಕಡಿಮೆ ತೋರಿಸುತ್ತದೆ. ಬಿಲ್ ಮಾಡುವ ದಿನ ಆ 324ನ್ನು ಯಾರು ಹೊರಬೇಕು ಎಂಬ ಮಾತು ಎದ್ದೇ ಏಳುತ್ತದೆ.

ಇಲ್ಲಿ ಎಲ್ಲ ಸಾಮಾನಿಗೂ ತೆರಿಗೆ 18 ಪರ್ಸೆಂಟ್ ಇರುವುದರಿಂದ ಲೆಕ್ಕ ಸುಲಭ. ಬೇರೆ ಬೇರೆ ದರದ ಸಾಮಾನು ಬೆರೆತರೆ ಪ್ರತಿ ಸಾಲಿಗೂ ಅದರದೇ ದರ ಬೇಕು, ಅದಕ್ಕೇ ದರಪಟ್ಟಿಯಲ್ಲಿ ಜಿಎಸ್‌ಟಿಗೆ ಒಂದು ಕಾಲಂ ಇಟ್ಟಿದ್ದು. 22 ಸೆಪ್ಟೆಂಬರ್ 2025ರಂದು ಹನಿ ನೀರಾವರಿ ಮತ್ತು ತುಂತುರು ನೀರಾವರಿ ಸಾಮಾನಿನ ತೆರಿಗೆ 12ರಿಂದ 5 ಪರ್ಸೆಂಟಿಗೆ ಇಳಿಯಿತು, ಸಿಮೆಂಟಿನದು 28ರಿಂದ 18ಕ್ಕೆ ಇಳಿಯಿತು. ದರಪಟ್ಟಿಯಲ್ಲಿ ಕಾಲಂ ಇದ್ದ ಅಂಗಡಿಯವರು ಆ ದಿನ ಕೆಲವು ಸಾಲು ತಿದ್ದಿದರೆ ಸಾಕಾಗಿತ್ತು. ಸೂತ್ರದೊಳಗೇ ದರ ಬರೆದಿಟ್ಟವರು ಪ್ರತಿ ಹಾಳೆಯನ್ನೂ ಹುಡುಕಿ ತಿದ್ದಬೇಕಾಗಿತ್ತು. ಗಿರಾಕಿ ಹೊರರಾಜ್ಯದವರಾಗಿ ಮಾಲು ಅಲ್ಲಿಗೆ ಹೋಗುವುದಾದರೆ ಎರಡು ಒಂಬತ್ತರ ಬದಲು ಒಂದೇ ಸಾಲು, ಐಜಿಎಸ್‌ಟಿ 18 ಪರ್ಸೆಂಟ್. ಮೊತ್ತ ಬದಲಾಗುವುದಿಲ್ಲ.

ದಿನಾಂಕ ಕೈಯಿಂದ ಬರಲಿ

ಪಿವಿಸಿ ಪೈಪಿನ ದರ ನಿಲ್ಲುವುದಿಲ್ಲ. ಪೈಪು ಮಾಡುವ ರೆಸಿನ್ ಕಚ್ಚಾ ತೈಲದ ಮೂಲದ್ದು, ಅದರ ದೊಡ್ಡ ಪಾಲು ನಮ್ಮ ದೇಶಕ್ಕೆ ಹೊರಗಿನಿಂದ ಬರುತ್ತದೆ. ಕೇಬಲ್ ದರ ತಾಮ್ರದ ಜೊತೆ ಏರಿಳಿಯುತ್ತದೆ. ಆದ್ದರಿಂದ ಕೊಟೇಶನ್ನಿಗೆ ವಾಯಿದೆ ಬೇಕು. 1872ರ ಭಾರತೀಯ ಕರಾರು ಕಾಯ್ದೆಯ ಸೆಕ್ಷನ್ 6 ಹೇಳುವುದೂ ಇದನ್ನೇ: ಒಪ್ಪಿಗೆಗೆ ಗಡುವು ಕೊಟ್ಟ ಪ್ರಸ್ತಾಪ ಆ ಗಡುವು ಮುಗಿದಾಗ ತಾನೇ ರದ್ದಾಗುತ್ತದೆ. ದಿನಾಂಕ ಬರೆದಿದ್ದರೆ ಮೂರು ತಿಂಗಳ ನಂತರ ಹಳೆಯ ಹಾಳೆ ಹಿಡಿದು ಬಂದವರಿಗೆ ಅಂಗಡಿಯವರು ಧೈರ್ಯವಾಗಿ ಹೊಸ ದರ ಹೇಳಬಹುದು.

ಲೆಕ್ಕ ಸುಲಭ. ಎಕ್ಸೆಲ್ ದಿನಾಂಕವನ್ನು ಒಳಗೆ ಅಂಕಿಯಾಗಿ ಇಟ್ಟುಕೊಳ್ಳುತ್ತದೆ. 3 ನವೆಂಬರ್ 2025 ಎಂದರೆ ಅದಕ್ಕೆ 45964. ಅದಕ್ಕೆ 15 ಕೂಡಿಸಿದರೆ 45979, ಅಂದರೆ 18 ನವೆಂಬರ್. ಕೊಟೇಶನ್ ದಿನಾಂಕ D4ರಲ್ಲಿದ್ದರೆ ವಾಯಿದೆಯ ಸೂತ್ರ ಇಷ್ಟೇ:

```
=D4+15
```

ತಪ್ಪುವುದು D4ರಲ್ಲಿ. ಪ್ರತಿ ಸಲ ದಿನಾಂಕ ಹಾಕುವ ಕೆಲಸ ತಪ್ಪಲೆಂದು ಅನೇಕರು ಅಲ್ಲಿ `=TODAY()` ಹಾಕಿಡುತ್ತಾರೆ. ಅದು ಫೈಲು ತೆರೆದ ದಿನದ ತಾರೀಖನ್ನು ತೋರಿಸುತ್ತದೆ, ಕೊಟೇಶನ್ ಕೊಟ್ಟ ದಿನದ್ದನ್ನಲ್ಲ. ನವೆಂಬರ್ 3ರಂದು ಕೊಟ್ಟ ಕೊಟೇಶನ್ನಿನ ಪ್ರತಿ ಕಳೆದುಹೋಯಿತೆಂದು ರೈತ ಜನವರಿಯಲ್ಲಿ ಬಂದು ಕೇಳಿದಾಗ ಫೈಲು ತೆರೆದು ಪ್ರಿಂಟ್ ಕೊಟ್ಟರೆ, ಹಾಳೆಯ ಮೇಲೆ ಜನವರಿಯ ತಾರೀಖು, ಮತ್ತೆ ಹದಿನೈದು ದಿನದ ವಾಯಿದೆ. ಅಂಥ ಕೊಟೇಶನ್ನಿನ ಗಡುವು ಎಂದೂ ಮುಗಿಯುವುದಿಲ್ಲ. D4ರಲ್ಲಿ ನಿಂತು `Ctrl + ;` ಒತ್ತಿದರೆ ಅಂದಿನ ತಾರೀಖು ಸ್ಥಿರವಾಗಿ ಬಂದು ಕೂರುತ್ತದೆ, ಮುಂದೆ ಬದಲಾಗುವುದಿಲ್ಲ. ಹಾಗೆಯೇ ಕಂಪ್ಯೂಟರ್ ಅಮೆರಿಕದ ಕ್ರಮದಲ್ಲಿದ್ದರೆ 03-11-2025 ಎಂದು ಟೈಪ್ ಮಾಡಿದ್ದು ಮಾರ್ಚ್ 11 ಆಗುತ್ತದೆ. ತಿಂಗಳನ್ನು ಹೆಸರಿನಲ್ಲಿ ತೋರಿಸುವ `dd-mmm-yyyy` ರೂಪ ಇಟ್ಟರೆ ಈ ತಪ್ಪು ಕೂಡಲೇ ಕಾಣುತ್ತದೆ.

ವಾಯಿದೆಯ ಮುಂದೆ ತಾರೀಖಿನ ಜೊತೆ ಒಂದು ವಾಕ್ಯವೂ ಇರಲಿ: "ಈ ದಿನಾಂಕದೊಳಗೆ ಆರ್ಡರ್ ಖಚಿತಪಡಿಸಿದರೆ ಮಾತ್ರ ಈ ದರ. ತೆರಿಗೆ ಮಾಲು ಕೊಡುವ ದಿನದ ದರದಂತೆ." ಸೆಪ್ಟೆಂಬರ್ 22ರಂಥ ದಿನ ವಾಯಿದೆಯ ನಡುವೆ ಬಂದರೆ ಎರಡನೆಯ ಮಾತು ಎರಡೂ ಕಡೆಯವರನ್ನು ಕಾಯುತ್ತದೆ.

ಕೊಟ್ಟ ಮೇಲೆ ಹಾಳೆ ಬದಲಾಗಬಾರದು

ಇಲ್ಲಿಯವರೆಗೆ ಹೇಳಿದ್ದೆಲ್ಲ ಹಾಳೆಯಲ್ಲಿ ಅಂಕಿಗಳು ತಾವೇ ಬದಲಾಗುವಂತೆ ಮಾಡುವ ದಾರಿ. ಅದೇ ಗುಣ ಕೊಟೇಶನ್ ಕೈಬಿಟ್ಟ ಮೇಲೆ ದೋಷವಾಗುತ್ತದೆ. ಕೊಟ್ಟ ಕೊಟೇಶನ್ನನ್ನು ಅದೇ ಫೈಲಿನಲ್ಲಿ ಇನ್ನೊಂದು ಹಾಳೆಯಾಗಿ ಉಳಿಸಿದ್ದೀರಿ ಎನ್ನಿ. ಹತ್ತು ದಿನದ ನಂತರ ದರಪಟ್ಟಿಯಲ್ಲಿ ಪೈಪಿನ ದರ 980ರಿಂದ 1,020ಕ್ಕೆ ಏರಿಸಿದರೆ ಹಳೆಯ ಕೊಟೇಶನ್ನಿನ ಮೊತ್ತವೂ ಸದ್ದಿಲ್ಲದೆ ಏರುತ್ತದೆ. ವಾಯಿದೆಯೊಳಗೇ ಬಂದ ರೈತನ ಕೈಯಲ್ಲಿರುವ ಹಾಳೆ 1,01,300 ಎನ್ನುತ್ತದೆ, ಅಂಗಡಿಯ ಕಂಪ್ಯೂಟರ್ ಇನ್ನೊಂದು ಅಂಕಿ ಹೇಳುತ್ತದೆ. ಇಂಥ ಹೊತ್ತಿನಲ್ಲಿ ಅಂಗಡಿಯವರು ಪ್ರಾಮಾಣಿಕವಾಗಿ ಕಂಪ್ಯೂಟರನ್ನೇ ನಂಬುತ್ತಾರೆ, ರೈತ ತನಗೆ ಮೋಸವಾಯಿತು ಎಂದುಕೊಳ್ಳುತ್ತಾನೆ.

ಆದ್ದರಿಂದ ಕೊಡುವ ಕ್ಷಣದಲ್ಲಿ ಅಂಕಿಗಳನ್ನು ಗಟ್ಟಿಮಾಡಬೇಕು. ಟೆಂಪ್ಲೇಟಿನ ಒಂದು ಪ್ರತಿ ಮಾಡಿ, ಆ ಪ್ರತಿಯಲ್ಲಿ ಎಲ್ಲವನ್ನೂ ಆರಿಸಿ ನಕಲು ಮಾಡಿ, ಅದೇ ಜಾಗದಲ್ಲಿ `Paste Special` ಒಳಗಿನ `Values` ಮೂಲಕ ಅಂಟಿಸಿದರೆ ಸೂತ್ರಗಳು ಹೋಗಿ ಅಂಕಿಗಳಷ್ಟೇ ಉಳಿಯುತ್ತವೆ. ಅದನ್ನು ಪಿಡಿಎಫ್ ಮಾಡಿ, ಕೊಟೇಶನ್ ನಂಬರನ್ನೇ ಫೈಲಿನ ಹೆಸರಾಗಿ ಕೊಟ್ಟು ಉಳಿಸಬೇಕು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದೂ ಆ ಪಿಡಿಎಫ್ಫನ್ನೇ, ಎಕ್ಸೆಲ್ ಫೈಲನ್ನಲ್ಲ. ಎಕ್ಸೆಲ್ ಫೈಲು ಹೋದರೆ ಅದರ ಜೊತೆ ಅಂಗಡಿಯ ಇಡೀ ದರಪಟ್ಟಿ, ಯಾವ ಕಂಪನಿ ಎಷ್ಟು ಡಿಸ್ಕೌಂಟ್ ಕೊಡುತ್ತದೆ ಎಂಬುದೂ ಹೋಗುತ್ತದೆ.

ಹೊಸ ಟೆಂಪ್ಲೇಟನ್ನು ಕೌಂಟರಿಗೆ ಇಡುವ ಮುಂಚೆ ಅದನ್ನು ಬೇಕೆಂದೇ ಕೆಣಕಿ ನೋಡಿ. ಇಲ್ಲದ ಕೋಡ್ ಹಾಕಿ, `#N/A` ಬರುತ್ತದೆಯೇ? ಹೆಚ್ಚುವರಿ ಡಿಸ್ಕೌಂಟ್ 20 ಹಾಕಿ, ಹಾಳೆ ತಡೆಯುತ್ತದೆಯೇ? ತೂಕ 499 ಮತ್ತು 500 ಆಗುವಂತೆ ಸಂಖ್ಯೆ ಹಾಕಿ, ಬಾಡಿಗೆ ಸರಿಯಾದ ಜಾಗದಲ್ಲಿ ಜಿಗಿಯುತ್ತದೆಯೇ? ಕೊನೆಯ ಸಾಮಾನಿನ ಕೆಳಗೆ ಹೊಸ ಸಾಲು ಸೇರಿಸಿ, ಒಟ್ಟು ಮೊತ್ತ ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡಿದೆಯೇ? ಆಮೇಲೆ ಹಳೆಯ ಒಂದು ಬಿಲ್ಲನ್ನು ತಂದು, ಅಂದಿನ ದರಗಳನ್ನು ಪಟ್ಟಿಯಲ್ಲಿ ಹಾಕಿ, ಕೊನೆಯ ಮೊತ್ತ ಪೈಸೆಗೆ ಪೈಸೆ ಹೊಂದುತ್ತದೆಯೇ ನೋಡಿ. ಇಷ್ಟರಲ್ಲಿ ಒಂದು ಕಡೆ ಎಡವಿದರೂ ಅದು ಇನ್ನೂ ಗಿರಾಕಿಗೆ ಕೊಡುವ ಹಾಳೆಯಾಗಿಲ್ಲ.

ಕೊಟೇಶನ್ ಪಡೆಯುವವರಿಗೂ ಒಂದು ಮಾತು. ಎರಡು ಅಂಗಡಿಯ ಹಾಳೆಗಳನ್ನು ಹೋಲಿಸುವಾಗ ಡಿಸ್ಕೌಂಟಿನ ಪರ್ಸೆಂಟನ್ನು ಹೋಲಿಸಬೇಡಿ, ಎರಡೂ ಅಂಗಡಿಯ ಲಿಸ್ಟ್ ದರ ಒಂದೇ ಇರಬೇಕೆಂದಿಲ್ಲ. ಪೈಪು ಎಷ್ಟು ಕೆಜಿಯದು, ಬಾಡಿಗೆ ಒಳಗಿದೆಯೇ ಹೊರಗಿದೆಯೇ, ಜಿಎಸ್‌ಟಿ ಸೇರಿದೆಯೇ, ದರ ಯಾವ ತಾರೀಖಿನವರೆಗೆ ಎಂಬ ನಾಲ್ಕನ್ನು ಮೊದಲು ನೋಡಿ, ಆಮೇಲೆ ಕೊನೆಯ ಮೊತ್ತ ನೋಡಿ. ಈ ನಾಲ್ಕರಲ್ಲಿ ಒಂದಕ್ಕೆ ಹಾಳೆಯಲ್ಲಿ ಉತ್ತರವಿಲ್ಲದಿದ್ದರೂ ಮುಂಗಡ ಕೊಡಬೇಡಿ, ಅದನ್ನು ಬರೆಸಿಕೊಂಡೇ ಬನ್ನಿ.